ಟಿವಿ ಗುಣಾಂಕದ ಮೈನಸ್ ಮತ್ತು ನಾನು ಕಳೆದ ಎಂಟು ವಾರ

ಯಾವ ಜಾಹೀರಾತು ಮಾರಾಟವನ್ನು ಎಷ್ಟು ಏರಿಸುತ್ತದೆ ಅಂತ ಅಳೆಯಲು ಕಟ್ಟಿದ ಮಾಡೆಲ್‌ನ ಆರ್-ಸ್ಕ್ವೇರ್ 0.9ರ ಹತ್ತಿರ ಇತ್ತು. ಆದರೂ ಕ್ಲೈಂಟ್ ನನ್ನ ಬಿಲ್ಲಿನಲ್ಲಿ ಅರ್ಧ ತಡೆಹಿಡಿದರು. ಟಿವಿ ಜಾಹೀರಾತಿನ ಗುಣಾಂಕ ಮೈನಸ್ ಬಂದಿತ್ತು. "ಹಾಗಾದ್ರೆ ಟಿವಿಗೆ ಸುರಿದಷ್ಟೂ ಮಾರಾಟ ಇಳಿಯುತ್ತಾ ಸಾರ್?" ಅಂದರೆ ಏನು ಹೇಳಲಿ?

ಸುಮಾರು 104 ವಾರಗಳ ಡೇಟಾ. ಟಿವಿ ಖರ್ಚು, ಆನ್‌ಲೈನ್ ಖರ್ಚು, ರಿಯಾಯಿತಿ. ಒಂದು ಅಂಶ ಉಳಿದವುಗಳ ಜೊತೆ ಎಷ್ಟು ಬೆರೆತುಹೋಗಿದೆ ಅಂತ ತೋರಿಸುವ ವಿಐಎಫ್ ಅನ್ನು ಮೊದಲ ಸಲ ತೆಗೆದಾಗ ಪಾಪದ ರಿಯಾಯಿತಿಗೂ ವಿಪರೀತ ಸಂಖ್ಯೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಕಾನ್‌ಸ್ಟಂಟ್ ಸೇರಿಸಿರಲಿಲ್ಲ. statsmodels ಅದನ್ನು ತಾನಾಗಿ ಸೇರಿಸುವುದಿಲ್ಲ.

```python
X = sm.add_constant(df[["tv", "online", "discount"]])
variance_inflation_factor(X.values, 1)
```

ಈಗ ರಿಯಾಯಿತಿ 1.2ಕ್ಕೆ ಇಳಿಯಿತು, ಟಿವಿ ಮತ್ತು ಆನ್‌ಲೈನ್ 17ರ ಆಸುಪಾಸಿನಲ್ಲೇ ನಿಂತವು. ವರ್ಗಮೂಲ ತೆಗೆದರೆ ಸ್ಟ್ಯಾಂಡರ್ಡ್ ಎರರ್ ಸುಮಾರು ನಾಲ್ಕು ಪಟ್ಟು. ಎರಡೂ ಬಜೆಟ್ಟನ್ನು ಒಬ್ಬರೇ ಮ್ಯಾನೇಜರ್ ಒಟ್ಟಿಗೆ ಏರಿಸಿ ಒಟ್ಟಿಗೆ ಇಳಿಸುತ್ತಿದ್ದರು, ಕೋರಿಲೇಶನ್ 0.97. ಕೊನೆಯ ಆರು ವಾರ ಬಿಟ್ಟು ಓಡಿಸಿ ನೋಡಿದೆ. ಟಿವಿ ಪ್ಲಸ್ ಆಯಿತು, ಆನ್‌ಲೈನ್ ಹೆಚ್ಚುಕಡಿಮೆ ಅಷ್ಟೇ ಕುಸಿಯಿತು. ಎರಡರ ಮೊತ್ತ ಮಾತ್ರ ಅಲುಗಲಿಲ್ಲ, ಮಾರಾಟದ ಅಂದಾಜೂ ಬದಲಾಗಲಿಲ್ಲ. ಅಣ್ಣತಮ್ಮ ಸೇರಿ ದುಡಿದದ್ದೆಷ್ಟು ಅಂತ ಡೇಟಾಗೆ ಗೊತ್ತು. ಯಾರು ಎಷ್ಟು ಅಂತ ಗೊತ್ತಿಲ್ಲ.

"ವಿಐಎಫ್ 10 ದಾಟಿದ್ದನ್ನು ಕಿತ್ತುಹಾಕು" ಅಂದರು ಗೆಳೆಯರು. ಆನ್‌ಲೈನ್ ಕಿತ್ತೆ. ವಿಐಎಫ್ ಚೆಂದ ಕಂಡಿತು, ಆದರೆ ಟಿವಿ ಗುಣಾಂಕ ಹಿಂದೆ ಎರಡೂ ಸೇರಿದಷ್ಟಕ್ಕೆ ಏರಿತು. ಆನ್‌ಲೈನ್‌ನ ದುಡಿಮೆಯನ್ನೂ ಟಿವಿ ಖಾತೆಗೆ ಬರೆದ ಸುಳ್ಳು ಲೆಕ್ಕ ಅದು. ಗುಣಾಂಕ ದೊಡ್ಡದಾದಷ್ಟೂ ಪೆನಾಲ್ಟಿ ಹಾಕುವ ರಿಡ್ಜ್ ಹಾಕಿದೆ, ಎರಡೂ ಪ್ಲಸ್, ಸುಮಾರು ಸಮಪಾಲು. ಆ ಸಮಪಾಲು ಮಾಡಿದ್ದು ಪೆನಾಲ್ಟಿ, ಡೇಟಾ ಅಲ್ಲ. ಬರೀ ಅಂದಾಜು ಬೇಕಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ನಡುವೆ ಒಂದು ಆಟ ಆಡಿದೆ. ರಿಯಾಯಿತಿಯ ವರ್ಗವನ್ನೂ, ಅಂದರೆ ಸ್ಕ್ವೇರನ್ನೂ, ಸೇರಿಸಿದಾಗ ವಿಐಎಫ್ 15 ದಾಟಿತು. ಸರಾಸರಿ ಕಳೆದು ವರ್ಗ ಮಾಡಿದೆ, 1ರ ಹತ್ತಿರ ಬಂತು. ಖುಷಿಪಟ್ಟೆ. ಆಮೇಲೆ ನೋಡಿದರೆ ವರ್ಗದ ಪದದ ಟಿ-ಮೌಲ್ಯ ಒಂದು ಕೂದಲೂ ಕದಲಿರಲಿಲ್ಲ. ಟಿವಿ-ಆನ್‌ಲೈನ್ ಜೋಡಿಗಂತೂ ಈ ಮದ್ದು ನಾಟುವುದೇ ಇಲ್ಲ.

ಕೊನೆಗೆ ಕ್ಲೈಂಟ್‌ಗೆ ಹೇಳಿದೆ: "ಎಂಟು ವಾರ ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ, ಅದಲುಬದಲು ಮಾಡಿ. ಅಲ್ಲಿಯವರೆಗೆ ನನಗೆ ಕಾಸು ಬೇಡ." ಗೆಳೆಯರು ನಕ್ಕರು, 104 ವಾರದ ಮುಂದೆ ಎಂಟು ಯಾವ ಲೆಕ್ಕ ಅಂತ. ಆದರೆ ಎರಡರ ನಡುವಿನ ವ್ಯತ್ಯಾಸದಲ್ಲಿ ಆ 104 ವಾರಗಳಲ್ಲಿ ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಬಂದದ್ದು ಬಹುಪಾಲು ಈ ಎಂಟರಿಂದಲೇ. ವಿಐಎಫ್ ಮೂರರ ಆಸುಪಾಸಿಗೆ ಇಳಿಯಿತು. ಟಿವಿ ಪ್ಲಸ್, ಆನ್‌ಲೈನ್‌ನ ಅರ್ಧದಷ್ಟು. ಹಳೆಯ ಯಾವ ಆರು ವಾರ ಬಿಟ್ಟರೂ ಚಿಹ್ನೆ ತಿರುಗಲಿಲ್ಲ. ಯಾವ ವಾರ, ಎಷ್ಟು ಏರಿಳಿಸಬೇಕು ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ.

ತಡೆಹಿಡಿದ ಅರ್ಧ ಬಿಲ್ ಬಂತು. ಆ ಎಂಟು ವಾರದ ಕೂಲಿ ಮಾತ್ರ ಇನ್ನೂ ಬಂದಿಲ್ಲ.