ನಿವೃತ್ತಿಯ ಹೊಸ್ತಿಲಲ್ಲಿದ್ದ ಫೋರ್‌ಮನ್ನರಿಗೆ ನಾನು ಅಂಕ ಕೊಟ್ಟ ಬಗೆ

ನಮ್ಮ ಕಾರ್ಖಾನೆಯ ನಿರ್ವಹಣಾ ವಿಭಾಗದ ಹಿರಿಯ ಫೋರ್‌ಮನ್ನರ ವಾರ್ಷಿಕ ಮೌಲ್ಯಮಾಪನ ನನ್ನ ಪಾಲಿಗೆ ಬಂದಾಗ ಅವರ ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆ ವರ್ಷವೇ ದುರಸ್ತಿ ಕೆಲಸದ ದಾಖಲೆ ರಿಜಿಸ್ಟರಿನಿಂದ ಸಾಫ್ಟ್‌ವೇರಿಗೆ ಹೋಗಿತ್ತು. ಅದರ ವರದಿಯಲ್ಲಿ ಅವರ ಹೆಸರಿನ ಮುಂದೆ ಮುಗಿಯದ ವರ್ಕ್ ಆರ್ಡರುಗಳ ರಾಶಿಯೇ ಕಾಣುತ್ತಿತ್ತು.

ಆ ಪಟ್ಟಿಯನ್ನು ಹಳೆಯ ರಿಜಿಸ್ಟರ್ ಮತ್ತು ಬಿಡಿಭಾಗಕ್ಕಾಗಿ ಬರೆದ ಸ್ಟೋರ್ಸ್ ಇಂಡೆಂಟುಗಳ ಜೊತೆ ಹೋಲಿಸಿದಾಗ, ಬಹುಪಾಲು ಕೆಲಸಗಳು ಆಯಾ ದಿನವೇ ಮುಗಿದಿದ್ದು, ಆರ್ಡರನ್ನು ಮುಚ್ಚುವುದು ಮಾತ್ರ ಬಾಕಿ ಉಳಿದಿದ್ದು ಗೊತ್ತಾಯಿತು. ಎಲ್ಲಿ ತೊಡಕಾಗುತ್ತಿದೆ ಎಂದು ನೋಡಲು ಅವರ ಪಕ್ಕದಲ್ಲೇ ಕುಳಿತೆ. ಆರ್ಡರ್ ತೆರೆಯುವುದು, ಬಿಡಿಭಾಗ ನಮೂದಿಸುವುದು ಅವರಿಗೆ ಬರುತ್ತಿತ್ತು. ಕೊನೆಯಲ್ಲಿ ಕೇಳುವ ವೈಫಲ್ಯದ ಕಾರಣಗಳ ಉದ್ದನೆಯ ಇಂಗ್ಲಿಷ್ ಪಟ್ಟಿಯಲ್ಲಿ ಅವರು ನಿಂತುಬಿಡುತ್ತಿದ್ದರು. "ಸರ್, ಇದರಲ್ಲಿ ನಮ್ಮ ಪಂಪಿನ ಕಾಯಿಲೆಯೇ ಇಲ್ಲವಲ್ಲ" ಎಂದರು.

ಆ ಪಂಪಿನ ಬೇರಿಂಗ್ ಪದೇ ಪದೇ ಹೋಗುತ್ತಿತ್ತು, ಯುವ ತಂತ್ರಜ್ಞರು ಪ್ರತಿ ಬಾರಿಯೂ ಹೊಸದನ್ನು ಹಾಕಿ 'ಬೇರಿಂಗ್ ಸವೆತ' ಎಂದು ಅಚ್ಚುಕಟ್ಟಾಗಿ ಆರ್ಡರ್ ಮುಚ್ಚುತ್ತಿದ್ದರು. ಫೋರ್‌ಮನ್ನರು ಪಂಪ್ ನಿಲ್ಲಿಸಿ ಡಿಲಿವರಿ ಫ್ಲ್ಯಾಂಜಿನ ಬೋಲ್ಟುಗಳನ್ನು ಸಡಿಲಿಸಿದೊಡನೆ ಪೈಪು ಒಂದು ಪಕ್ಕಕ್ಕೆ ಸರಿದು ನಿಂತಿತು. ಪೈಪಿನ ಆಧಾರ ಕುಸಿದು ಅದರ ಭಾರವೆಲ್ಲ ಪಂಪಿನ ಮೇಲೆ ಬಿದ್ದು, ಪಂಪು ಮತ್ತು ಮೋಟರಿನ ಶಾಫ್ಟುಗಳು ಒಂದೇ ನೇರದಲ್ಲಿರಬೇಕಾದ ಅಲೈನ್‌ಮೆಂಟ್ ತಪ್ಪುತ್ತಿತ್ತು. ಆಧಾರ ಸರಿಪಡಿಸಿ ಡಯಲ್ ಗೇಜ್ ಇಟ್ಟು ಮತ್ತೆ ಹೊಂದಿಸಿದ ಮೇಲೆ ಬೇರಿಂಗ್ ತಂಟೆ ನಿಂತಿತು. ಸಾಫ್ಟ್‌ವೇರಿನ ಲೆಕ್ಕದಲ್ಲಿ ಮಾತ್ರ ಆ ಆರ್ಡರ್ ಇನ್ನೂ ಬಾಕಿ!

ಹಾಗೆಂದು ದಾಖಲೆಯ ಅಂಶದಲ್ಲಿ ಅವರಿಗೆ ಕನಿಕರದ ಅಂಕ ಕೊಡಲಿಲ್ಲ. ಅಲ್ಲಿ 'ನಿರೀಕ್ಷೆಗಿಂತ ಕಡಿಮೆ' ಎಂದೇ ಬರೆದು, ಅವರಿಗೂ ಅದನ್ನು ಎದುರಿಗೇ ಹೇಳಿದೆ. ಆದರೆ ದೋಷ ಪತ್ತೆ ಮತ್ತು ದುರಸ್ತಿಯ ಗುಣಮಟ್ಟವನ್ನು ಬೇರೆ ಅಂಶವಾಗಿ ಇಟ್ಟು, ಪಂಪಿನ ಪ್ರಕರಣವನ್ನೂ ಇಂಡೆಂಟುಗಳನ್ನೂ ಪುರಾವೆಯಾಗಿ ಲಗತ್ತಿಸಿ ಅತ್ಯುನ್ನತ ಶ್ರೇಣಿ ಕೊಟ್ಟೆ. ಕೆಲಸವೇ ಆಗದಿರುವುದಕ್ಕೂ ಆದ ಕೆಲಸ ದಾಖಲಾಗದಿರುವುದಕ್ಕೂ ಒಂದೇ ಅಂಕ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ.

'ಹೇಗೂ ಹೋಗುವವರು, ಇನ್‌ಕ್ರಿಮೆಂಟ್ ಏಕೆ' ಎಂಬ ಮಾತು ಮಾನವ ಸಂಪನ್ಮೂಲ ವಿಭಾಗದಿಂದ ಬಂತು. ಗ್ರ್ಯಾಚುಯಿಟಿಯನ್ನು ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲೆ, ಸೇವೆಯ ಪ್ರತಿ ವರ್ಷಕ್ಕೆ 15/26ರಂತೆ ಲೆಕ್ಕ ಹಾಕುವುದರಿಂದ, ಮೂಲವೇತನದಲ್ಲಿ 500 ರೂಪಾಯಿ ತಪ್ಪಿದರೆ 30 ವರ್ಷ ದುಡಿದವರಿಗೆ ಗ್ರ್ಯಾಚುಯಿಟಿಯಲ್ಲೇ ಸುಮಾರು 8,650 ರೂಪಾಯಿ ಖೋತಾ ಆಗುತ್ತದೆ ಎಂದು ಟಿಪ್ಪಣಿ ಬರೆದೆ. ಇನ್‌ಕ್ರಿಮೆಂಟ್ ಮಂಜೂರಾಯಿತು.

ಮುಂದಿನ ವರ್ಷದ ಗುರಿಯಲ್ಲಿ, ಪದೇ ಪದೇ ಬರುವ ಕಾರಣಗಳ ಕನ್ನಡ ಪಟ್ಟಿಯನ್ನು ಕಂಪ್ಯೂಟರಿನ ಪಕ್ಕ ಅಂಟಿಸಿ, ಆರ್ಡರುಗಳನ್ನು ಅದೇ ಪಾಳಿಯಲ್ಲಿ ಮುಚ್ಚಬೇಕೆಂದು ಸೇರಿಸಿದೆವು. 'ಜ್ಞಾನ ಹಸ್ತಾಂತರ' ಎಂದು ಬರೆದು ಸುಮ್ಮನಾಗದೆ, ಇಬ್ಬರು ಕಿರಿಯರು ಅವರ ನೆರವಿಲ್ಲದೆ ಒಂದೊಂದು ಪಂಪಿನ ಅಲೈನ್‌ಮೆಂಟ್ ಮಾಡಿ ತೋರಿಸಬೇಕು, ಸರಿಯಾಗಿದೆಯೆಂದು ಇವರು ಸಹಿ ಹಾಕಬೇಕು ಎಂದು ಗೊತ್ತುಪಡಿಸಿದೆವು.