ಹೆಸರಿನ ಬದಲು ಹುದ್ದೆ: ನಿಂತಿದ್ದ ಸಮಿತಿ ಹೀಗೆ ನಡೆಯಿತು

ಕಚೇರಿಯ ಹಳೇ ಕಂಪ್ಯೂಟರ್, ಮುರಿದ ಕುರ್ಚಿಗಳ ವಿಲೇವಾರಿಗೆ ತಾತ್ಕಾಲಿಕ ಸಮಿತಿ ಮಾಡಿದ್ದರು. ನಾನು ಆ ವಿಭಾಗಕ್ಕೆ ಬಂದಾಗ ಒಂದು ಸಭೆಯೂ ಆಗಿರಲಿಲ್ಲ. ಕಡತ ತೆಗೆದು ಆದೇಶ ಓದಿದೆ. ಸದಸ್ಯರ ಹುದ್ದೆ ಹಾಕದೆ ಬರೀ ಹೆಸರು ಬರೆದಿದ್ದರು. ಅವರಲ್ಲಿ ಒಬ್ಬರಿಗೆ ವರ್ಗಾವಣೆ ಆಗಿತ್ತು. ಸಂಚಾಲಕರು ಯಾರು ಅಂತ ಬರೆದೇ ಇರಲಿಲ್ಲ. ಹಾಗಾದರೆ ಸಭೆ ಕರೆಯೋದು ಯಾರು? ಗಡುವು 'ಆದಷ್ಟು ಬೇಗ' ಅಂತಿತ್ತು. ಅದು ಗಡುವೇ ಅಲ್ಲ ಬಿಡಿ.

ಅಧೀಕ್ಷಕರ ಜೊತೆ ಮಾತಾಡಿ, ಹಿಂದಿನ ಆದೇಶ ರದ್ದುಪಡಿಸಿ ಹೊಸದು ಹೊರಡಿಸಲು ಟಿಪ್ಪಣಿ ಮಂಡಿಸಿದೆ. ತಿದ್ದುಪಡಿ ಸಾಕಲ್ವಾ ಅಂದರು ಅವರು. ಇಷ್ಟೊಂದು ಬದಲಾವಣೆ ಇದ್ದಾಗ ಎರಡು ಕಾಗದ ಹಿಡಿದು ಓದಬೇಕಾಗುತ್ತದೆ, ಗೊಂದಲ ಜಾಸ್ತಿ ಅಂದೆ. ಒಪ್ಪಿದರು.

ಹೊಸ ಆದೇಶದಲ್ಲಿ ಹುದ್ದೆಗಳನ್ನೇ ಹಾಕಿದೆವು: ಆಡಳಿತಾಧಿಕಾರಿ ಅಧ್ಯಕ್ಷರು, ಲೆಕ್ಕಪತ್ರ ಶಾಖೆಯ ಅಧೀಕ್ಷಕರು ಸದಸ್ಯರು, ಉಗ್ರಾಣ ನೋಡಿಕೊಳ್ಳುವ ಪ್ರಥಮ ದರ್ಜೆ ಸಹಾಯಕರು ಸಂಚಾಲಕರು. ಕುರ್ಚಿಗೆ ಯಾರೇ ಬಂದರೂ ಜವಾಬ್ದಾರಿ ಅವರದೇ. ಕೆಲಸದ ಸಾಲು ಹೀಗಿತ್ತು:

"ದಾಸ್ತಾನು ವಹಿಯೊಂದಿಗೆ ವಸ್ತುಗಳನ್ನು ತಾಳೆ ನೋಡಿ, ದುರಸ್ತಿಗೆ ಬರುವವುಗಳನ್ನು ಬೇರ್ಪಡಿಸಿ, ಉಳಿದವುಗಳ ಪಟ್ಟಿಯನ್ನು ಶಿಫಾರಸಿನೊಂದಿಗೆ ಈ ಆದೇಶದ ದಿನಾಂಕದಿಂದ 30 ದಿನಗಳೊಳಗೆ ಕಚೇರಿ ಮುಖ್ಯಸ್ಥರಿಗೆ ಸಲ್ಲಿಸತಕ್ಕದ್ದು."

ಸಮಿತಿ ಶಿಫಾರಸು ಮಾಡುತ್ತದೆ ಅಷ್ಟೇ, ಹರಾಜು ಮಾಡುವುದಿಲ್ಲ ಅನ್ನೋದನ್ನೂ ಸೇರಿಸಿದೆವು. ವರದಿ ಕೊಟ್ಟ ದಿನ ಸಮಿತಿ ತಾನಾಗಿ ಮುಗಿಯುತ್ತದೆ ಎಂದೂ ಬರೆದೆವು. ಇಲ್ಲದಿದ್ದರೆ ಅದು ಕಾಗದದ ಮೇಲೆ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಪ್ರತಿಯನ್ನು ಸದಸ್ಯರಿಗೆಲ್ಲ ಕೊಟ್ಟು ಸ್ವೀಕೃತಿ ಸಹಿ ಪಡೆದೆ. ಅದೇ ವಾರ ಸಂಚಾಲಕರು ಸಭಾ ಸೂಚನೆ ಕಳಿಸಿದರು. ವರದಿಯೂ ಗಡುವಿನೊಳಗೇ ಬಂತು.