ರೆಸ್ಪ್ಯೂಲ್ ಕವರಿನ ಬಣ್ಣ ನೋಡಬೇಡಿ, ಔಷಧದ ಹೆಸರು ಓದಿ

ನಮ್ಮಮ್ಮನಿಗೆ ಬಹಳ ವರ್ಷಗಳಿಂದ ಅಸ್ತಮಾ. ಮನೆಯಲ್ಲೇ ನೆಬ್ಯುಲೈಸರ್ ಇದೆ. ಅದಕ್ಕೆ ಹಾಕುವ ರೆಸ್ಪ್ಯೂಲ್‌ಗಳು, ಅಂದರೆ ತುದಿ ತಿರುಚಿ ತೆರೆಯುವ ಆ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು, ಎರಡು ಬಗೆಯವು. ಒಂದನ್ನು ಬೆಳಿಗ್ಗೆ, ರಾತ್ರಿ ತಪ್ಪದೆ ತೆಗೆದುಕೊಳ್ಳಬೇಕು. ಇನ್ನೊಂದು ಉಬ್ಬಸ ಬಂದಾಗ ಮಾತ್ರ. ಕವರಿನ ಮೇಲೆ ಇರುವುದೆಲ್ಲ ಇಂಗ್ಲಿಷ್. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ನಾನು ಸುಲಭ ಆಗಲಿ ಎಂದು ಹೇಳಿಕೊಟ್ಟಿದ್ದೆ: ‘ನೀಲಿ ಕವರ್ ದಿನಾಲೂ, ಹಸಿರು ಕವರ್ ದಮ್ಮು ಕಟ್ಟಿದಾಗ.’

ಒಂದು ಮಳೆಗಾಲದಲ್ಲಿ ಅಂಗಡಿಯಲ್ಲಿ ಆ ಕಂಪನಿಯ ಮಾಲು ಇರಲಿಲ್ಲ. ‘ಔಷಧ ಅದೇ, ಕಂಪನಿ ಬೇರೆ’ ಎಂದು ಹೇಳಿಯೇ ಕೊಟ್ಟರು. ಅವರು ಹೇಳಿದ್ದು ನಿಜ. ಆದರೆ ಹೊಸ ಕಂಪನಿಯವರ ಬಣ್ಣ ನಮ್ಮ ಲೆಕ್ಕಕ್ಕೆ ಉಲ್ಟಾ ಆಗಿತ್ತು. ಒಂಬತ್ತು ದಿನ ಅಮ್ಮ ನೀಲಿ ಕವರಿನದ್ದನ್ನೇ ದಿನಕ್ಕೆರಡು ಸಲ ತೆಗೆದುಕೊಂಡರು. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು, ಎದೆ ಡವಡವ ಅನ್ನುತ್ತಿತ್ತು. ವಯಸ್ಸಾಯಿತಲ್ಲ ಅಂದುಕೊಂಡೆವು. ಒಂಬತ್ತನೇ ರಾತ್ರಿ ಎರಡು ಗಂಟೆಗೆ ಉಬ್ಬಸ ಜೋರಾಯಿತು. ಹಸಿರು ಕವರಿನದ್ದನ್ನು ಹಾಕಿದರು. ಕಾಲು ಗಂಟೆ ಆದರೂ ಏನೂ ಇಳಿಯಲಿಲ್ಲ. ಇನ್ನೊಂದು ಹಸಿರು ಹಾಕಿದರು. ಆಗಲೂ ಇಲ್ಲ. ಆಮೇಲೆ ತಂಗಿ ಎದ್ದು ಬಂದು ಕವರಿನ ಸಣ್ಣ ಅಕ್ಷರ ಓದಿದಳು. ಹಸಿರಿನಲ್ಲಿದ್ದದ್ದು ಬುಡೆಸೊನೈಡ್. ಅದು ಉಬ್ಬಸವನ್ನು ಆ ಕ್ಷಣಕ್ಕೆ ಇಳಿಸುವ ಔಷಧವೇ ಅಲ್ಲ.

ಎರಡೂ ಮಾಡುವ ಕೆಲಸ ಬೇರೆ

ಉಬ್ಬಸ ಬಂದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿದುಕೊಂಡಿರುತ್ತದೆ. ಅದನ್ನು ಸಡಿಲ ಮಾಡುವುದು ರಿಲೀವರ್. ಸಾಲ್ಬುಟಮಾಲ್ ಹಾಕಿದರೆ ಐದು ನಿಮಿಷದ ಆಸುಪಾಸಿನಲ್ಲೇ ಕೆಲಸ ಶುರುವಾಗುತ್ತದೆ. ನಾಲ್ಕರಿಂದ ಆರು ಗಂಟೆ ಅದರ ಪ್ರಭಾವ ಇರುತ್ತದೆ, ಅಷ್ಟೇ. ಕೈ ನಡುಕ, ಎದೆ ಹೊಡೆದುಕೊಳ್ಳುವುದು ಇದರದೇ ಅಡ್ಡ ಪರಿಣಾಮ. ಅಮ್ಮನ ಕೈ ನಡುಗಿದ್ದು ವಯಸ್ಸಿನಿಂದ ಅಲ್ಲ.

ಪ್ರಿವೆಂಟರ್ ಎಂದರೆ ಹೆಚ್ಚಾಗಿ ಸ್ಟೀರಾಯ್ಡ್. ಅದು ಶ್ವಾಸನಾಳದ ಒಳಗೋಡೆಯ ಊತವನ್ನು ನಿಧಾನವಾಗಿ ಇಳಿಸುತ್ತದೆ. ಇದಕ್ಕೆ ದಿನಗಳು ಬೇಕು, ಪೂರ್ತಿ ಗುಣ ಕಾಣಲು ವಾರಗಳೇ ಬೇಕು. ತೆಗೆದುಕೊಂಡ ಕೂಡಲೇ ಏನೂ ಅನ್ನಿಸುವುದಿಲ್ಲ. ಅದಕ್ಕೇ ಎಷ್ಟೋ ಜನ ‘ಇದು ಕೆಲಸ ಮಾಡಲ್ಲ’ ಎಂದು ಅದನ್ನು ಬಿಟ್ಟು, ತಕ್ಷಣ ಹಾಯೆನಿಸುವ ರಿಲೀವರ್ ಮೇಲೇ ದಿನ ದೂಡುತ್ತಾರೆ. ಊತ ಒಳಗೇ ಬೆಳೆಯುತ್ತಾ ಹೋಗುತ್ತದೆ. ನಮ್ಮ ಮನೆಯಲ್ಲಿ ಒಂಬತ್ತು ದಿನ ಗೊತ್ತಿಲ್ಲದೆ ಆದದ್ದೂ ಇದೇ.

ಮೊದಲು ಮಾಡಬೇಕಾದದ್ದು: ಕಾಂಪೊಸಿಷನ್ ಸಾಲು ಹುಡುಕಿ

ಕವರನ್ನು ಬೆಳಕಿಗೆ ಹಿಡಿಯಿರಿ. ಬ್ರಾಂಡ್ ಹೆಸರನ್ನು ಬಿಟ್ಟುಬಿಡಿ. ‘ಕಾಂಪೊಸಿಷನ್’ ಎಂದೋ, ‘ಈಚ್ 2 ಎಂಎಲ್ ಕಂಟೇನ್ಸ್’ ಎಂದೋ ಶುರುವಾಗುವ ಸಾಲು ಇರುತ್ತದೆ. ಔಷಧದ ನಿಜವಾದ ಹೆಸರು ಅಲ್ಲಿದೆ. ಸಣ್ಣ ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್ ಎಂದಿದ್ದರೆ ಅದು ರಿಲೀವರ್. ಎರಡನೆಯ ಹೆಸರಿನ ಒಳಗೇ ಮೊದಲನೆಯದು ಕೂತಿದೆ, ಗಮನಿಸಿ. ಐಪ್ರಾಟ್ರೋಪಿಯಂ ಎಂಬುದು ಇವುಗಳ ಜೊತೆಗಾರ. ಅದೂ ಶ್ವಾಸನಾಳವನ್ನು ಅಗಲ ಮಾಡುತ್ತದೆ, ಸ್ವಲ್ಪ ನಿಧಾನವಾಗಿ. ಲೆವೊಸಾಲ್ಬುಟಮಾಲ್ 1.25 ಮಿಲಿಗ್ರಾಂ, ಐಪ್ರಾಟ್ರೋಪಿಯಂ 500 ಮೈಕ್ರೊಗ್ರಾಂ ಸೇರಿದ ರೆಸ್ಪ್ಯೂಲ್ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಅಮ್ಮನ ರಿಲೀವರ್ ಅದೇ.

ಬುಡೆಸೊನೈಡ್ ಎಂದಿದ್ದರೆ ಅದು ಪ್ರಿವೆಂಟರ್. ಫ್ಲುಟಿಕಾಸೋನ್ ಕೂಡ ಹಾಗೆಯೇ. ಹೆಸರಿನ ಕೊನೆಯಲ್ಲಿ ‘ಒನೈಡ್’ ಅಥವಾ ‘ಸೋನ್’ ಬಂದರೆ ಸ್ಟೀರಾಯ್ಡ್ ಎಂದು ನೆನಪಿಟ್ಟುಕೊಳ್ಳಬಹುದು. ಈ ಗುರುತು ರೆಸ್ಪ್ಯೂಲ್, ಇನ್‌ಹೇಲರ್‌ಗಳ ಮಟ್ಟಿಗೆ ಸಾಕು. ಬೇರೆ ಮಾತ್ರೆಗಳ ಮೇಲೆ ಪ್ರಯೋಗ ಮಾಡಬೇಡಿ.

ಅಂಕಿ ನೋಡಿ ಗುರುತು ಹಿಡಿಯಲು ಮಾತ್ರ ಹೋಗಲೇಬೇಡಿ. ಅಮ್ಮನ ಪ್ರಿವೆಂಟರ್ ಬುಡೆಸೊನೈಡ್ 0.5 ಮಿಲಿಗ್ರಾಂ. ಅರ್ಧ ಮಿಲಿಗ್ರಾಂ ಅಂದರೆ 500 ಮೈಕ್ರೊಗ್ರಾಂ. ಐಪ್ರಾಟ್ರೋಪಿಯಂ ಕೂಡ 500 ಮೈಕ್ರೊಗ್ರಾಂ! ಒಂದೇ ಅಂಕಿ, ಔಷಧ ಬೇರೆ ಬೇರೆ. ‘ಐನೂರರದ್ದು ಕೊಡಿ’ ಎಂದು ಅಂಗಡಿಯಲ್ಲಿ ಕೇಳಿದರೆ ಯಾವುದು ಬೇಕಾದರೂ ಬರಬಹುದು.

ಒಂದೇ ಕೊಳವೆಯಲ್ಲಿ ಎರಡು ಗುಂಪಿನ ಹೆಸರಿದ್ದರೆ

ಫಾರ್ಮೊಟೆರಾಲ್ ಮತ್ತು ಬುಡೆಸೊನೈಡ್ ಸೇರಿದ ರೆಸ್ಪ್ಯೂಲ್ ಸಿಗುತ್ತದೆ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಫಾರ್ಮೊಟೆರಾಲ್ ಶ್ವಾಸನಾಳ ಸಡಿಲಿಸುವ ಔಷಧವೇ ಹೌದು. ಆದರೆ ಅದರ ಪ್ರಭಾವ ಸುಮಾರು 12 ಗಂಟೆ ಇರುತ್ತದೆ. ಈ ರೆಸ್ಪ್ಯೂಲ್ ಅನ್ನು ಸಾಮಾನ್ಯವಾಗಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆಯುತ್ತಾರೆ. ಇದೇ ಜೋಡಿಯ ಇನ್‌ಹೇಲರನ್ನು ಕೆಲವರಿಗೆ ಉಬ್ಬಸ ಬಂದಾಗಲೂ ಎಳೆಯಲು ವೈದ್ಯರು ಹೇಳಿರುತ್ತಾರೆ. ಆ ಮಾತನ್ನು ರೆಸ್ಪ್ಯೂಲ್‌ಗೆ ಎಳೆದು ತರಬೇಡಿ. ಎರಡರ ಪ್ರಮಾಣವೂ ಬೇರೆ. ಮನೆಯಲ್ಲಿ ಅದನ್ನು ‘ದಿನಾಲೂ’ ಗುಂಪಿಗೆ ಸೇರಿಸಿ, ತುರ್ತಿಗೆ ಬೇರೆ ಯಾವುದು ಎಂದು ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ.

ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ರಿಲೀವರನ್ನೂ ದಿನಕ್ಕೆ ಮೂರು ನಾಲ್ಕು ಸಲ ತಪ್ಪದೆ ಕೊಡಲು ಬರೆಯುವುದುಂಟು. ಅದು ತಪ್ಪಲ್ಲ. ಹೆಸರು ಓದಿದರೆ ಔಷಧ ಯಾವುದು ಅನ್ನುವುದು ತಿಳಿಯುತ್ತದೆ. ಎಷ್ಟು ಸಲ ಅನ್ನುವುದು ಚೀಟಿಯಲ್ಲೇ ಇರುತ್ತದೆ.

ನೆಬ್ಯುಲೈಸರ್ ಕಪ್ಪಿಗೆ ಸುರಿದ ಮೇಲೂ ಒಮ್ಮೆ ನೋಡಿ

ಕವರಿನ ಮೇಲೆ ‘ಸಲ್ಯೂಷನ್’ ಎಂದಿದ್ದರೆ ಔಷಧ ನೀರಿನಲ್ಲಿ ಪೂರ್ತಿ ಕರಗಿದೆ. ನೋಡಲು ತಿಳಿನೀರಿನ ಹಾಗಿರುತ್ತದೆ. ರಿಲೀವರ್‌ಗಳು ಹೀಗೆಯೇ. ‘ಸಸ್ಪೆನ್ಷನ್’ ಎಂದಿದ್ದರೆ ಔಷಧ ಕರಗಿಲ್ಲ, ಪುಡಿ ತೇಲುತ್ತಿದೆ. ಬುಡೆಸೊನೈಡ್ ಅಂಥದ್ದು. ಅಕ್ಕಿ ತೊಳೆದ ನೀರು ಬೆಳ್ಳಗೆ ಕದಡಿರುತ್ತದಲ್ಲ, ಹಾಗೆ ಕಾಣುತ್ತದೆ.

ಹೀಗಾಗಿ ಉಬ್ಬಸಕ್ಕೆಂದು ತೆಗೆದ ರೆಸ್ಪ್ಯೂಲ್ ಕಪ್ಪಿನಲ್ಲಿ ಮಬ್ಬಾಗಿ ಕಂಡರೆ ಅಲ್ಲೇ ನಿಲ್ಲಿಸಿ, ಕವರ್ ಮತ್ತೆ ಓದಿ. ಅಮ್ಮ ಆ ರಾತ್ರಿ ಎರಡು ಸಲವೂ ಬೆಳ್ಳಗಿನ ಔಷಧವನ್ನೇ ಸುರಿದಿದ್ದರು. ನೋಡಬೇಕಾದದ್ದು ಇದನ್ನು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ತಿಳಿಯಾಗಿದೆ ಅಂದ ಮಾತ್ರಕ್ಕೆ ರಿಲೀವರ್ ಅಂದುಕೊಳ್ಳುವ ಹಾಗಿಲ್ಲ. ಬರೀ ಸಲೈನ್ ಕೂಡ ತಿಳಿಯಾಗಿರುತ್ತದೆ, ಅದರಲ್ಲಿ ಉಪ್ಪುನೀರು ಬಿಟ್ಟರೆ ಔಷಧವೇ ಇಲ್ಲ. ನಿಂತು ನಿಂತು ಪುಡಿ ತಳಕ್ಕಿಳಿದ ಬುಡೆಸೊನೈಡ್ ಕೂಡ ಮೇಲೆ ತಿಳಿಯಾಗಿ ಕಾಣಬಹುದು. ಅದಕ್ಕೇ ಅದನ್ನು ತೆರೆಯುವ ಮೊದಲು ಮೆಲ್ಲಗೆ ಸುತ್ತಿಸಿ ಕದಡಬೇಕು. ಇಲ್ಲವಾದರೆ ಒಂದಷ್ಟು ಔಷಧ ಕೊಳವೆಯಲ್ಲೇ ಉಳಿಯುತ್ತದೆ. ಅಲ್ಟ್ರಾಸಾನಿಕ್ ಮಷೀನಿನಲ್ಲಿ ಈ ಪುಡಿ ಸರಿಯಾಗಿ ಮಂಜಾಗುವುದಿಲ್ಲ. ಗಾಳಿ ಒತ್ತುವ ಕಂಪ್ರೆಸರ್ ಮಷೀನೇ ಬೇಕು.

ಪ್ರಿವೆಂಟರ್ ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಯಿರಿ. ಬಾಯಲ್ಲಿ ಸ್ಟೀರಾಯ್ಡ್ ಉಳಿದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು.

ಕವರಿನ ಮೇಲೆ ಕನ್ನಡದಲ್ಲಿ ಬರೆಯಿರಿ

ರೆಸ್ಪ್ಯೂಲ್ ತಂದ ದಿನವೇ, ಚೀಟಿ ಪಕ್ಕದಲ್ಲಿಟ್ಟುಕೊಂಡು, ಪ್ರತಿ ಕವರಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ. ನಾನು ಒಂದರ ಮೇಲೆ ‘ದಿನಾಲೂ ಬೆಳಿಗ್ಗೆ ರಾತ್ರಿ’ ಎಂದೂ ಇನ್ನೊಂದರ ಮೇಲೆ ‘ಉಬ್ಬಸ ಬಂದಾಗ’ ಎಂದೂ ಬರೆಯುತ್ತೇನೆ. ಈಗ ಅಮ್ಮ ಬಣ್ಣ ನೋಡುವುದಿಲ್ಲ, ಅಕ್ಷರ ಓದುತ್ತಾರೆ. ಡಬ್ಬಿಗಳೂ ಬೇರೆ ಬೇರೆ. ಒಂದು ನೆಬ್ಯುಲೈಸರ್ ಪಕ್ಕ, ಇನ್ನೊಂದು ಮಂಚದ ಪಕ್ಕ.

ಬರೆಯುವುದು, ಅಂಟಿಸುವುದು ಎಲ್ಲ ಕವರಿನ ಮೇಲೆ ಮಾತ್ರ. ಕೊಳವೆಯ ಮೇಲೆ ಬೇಡ. ಆ ಮೆತ್ತನೆಯ ಪ್ಲಾಸ್ಟಿಕ್ ಮೂಲಕ ಶಾಯಿ, ಅಂಟುಗಳ ಅಂಶ ಒಳಗಿನ ಔಷಧಕ್ಕೆ ಇಳಿಯಬಹುದು. ಬಹಳಷ್ಟು ಕೊಳವೆಗಳ ಮೇಲೆ ಕಾಗದದ ಲೇಬಲ್ ಇಲ್ಲದೆ ಉಬ್ಬು ಅಕ್ಷರ ಮಾತ್ರ ಇರುವುದು ಇದೇ ಕಾರಣಕ್ಕೆ. ಪಾರದರ್ಶಕ ಪ್ಲಾಸ್ಟಿಕ್ ಮೇಲಿನ ಆ ಅಕ್ಷರವನ್ನು ರಾತ್ರಿ ಎರಡು ಗಂಟೆಗೆ ಓದುವುದು ಕಷ್ಟ. ಹಾಗಾಗಿ ಕೊಳವೆಗಳನ್ನು ಕವರಿನಿಂದ ತೆಗೆದು ಒಟ್ಟಿಗೆ ಸುರಿದು ಇಡಬೇಡಿ. ಕವರ್ ಬೆಳಕನ್ನೂ ತಡೆಯುತ್ತದೆ, ಔಷಧಕ್ಕೆ ಅದು ಬೇಕು.

ರಿಲೀವರ್ ಹಾಕಿದರೂ ಇಳಿಯದಿದ್ದರೆ

ನಮ್ಮಮ್ಮನಿಗೆ ಸರಿಯಾದ ರೆಸ್ಪ್ಯೂಲ್ ಹಾಕಿದ ಹತ್ತು ನಿಮಿಷಕ್ಕೆ ಉಸಿರು ಸ್ವಲ್ಪ ಹಗುರವಾಯಿತು. ಹಾಗಂತ ನಾವು ಮನೆಯಲ್ಲಿ ಕೂರಲಿಲ್ಲ, ಬೆಳಗಾಗುವ ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ಪ್ರಿವೆಂಟರ್ ಹೆಚ್ಚಿಗೆ ಹೋದದ್ದರಿಂದ ತೊಂದರೆ ಇಲ್ಲ, ಅಷ್ಟು ಹೊತ್ತು ಕಳೆದದ್ದೇ ತೊಂದರೆ ಎಂದು ಅಲ್ಲಿನ ಡಾಕ್ಟರು ಹೇಳಿದರು.

ರಿಲೀವರ್ ಕೊಟ್ಟು ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಗುಣ ಕಾಣದಿದ್ದರೆ, ಅಥವಾ ಇಳಿದ ಉಬ್ಬಸ ನಾಲ್ಕು ಗಂಟೆಯೊಳಗೆ ಮತ್ತೆ ಬಂದರೆ, ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಗುವಿನ ಪಕ್ಕೆ ಒಳಗೆಳೆದುಕೊಳ್ಳುತ್ತಿದ್ದರೆ ಕಾಯುವ ಮಾತೇ ಇಲ್ಲ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ರಿಲೀವರ್ ಕೊಡುತ್ತಿರಿ. ಹೋಗುವಾಗ ಖಾಲಿ ಕವರ್‌ಗಳನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ಯಾವ ಔಷಧ ಎಷ್ಟು ಹೋಗಿದೆ ಎಂದು ಅಲ್ಲಿ ಮೊದಲು ಕೇಳುತ್ತಾರೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಹಿರಿಯರಿಗೆ ಒಂದು ಮಾತು. ಅಲ್ಲಿ ಸಾಲ್ಬುಟಮಾಲ್ ಎಂಬ ಹೆಸರೇ ಕಾಣುವುದಿಲ್ಲ. ಅದೇ ಔಷಧಕ್ಕೆ ಅಲ್ಲಿ ಆಲ್ಬ್ಯುಟೆರಾಲ್ ಎನ್ನುತ್ತಾರೆ, ಲೆವೊಸಾಲ್ಬುಟಮಾಲ್‌ಗೆ ಲೆವಾಲ್ಬ್ಯುಟೆರಾಲ್. ಬುಡೆಸೊನೈಡ್ ಮಾತ್ರ ಅಲ್ಲೂ ಬುಡೆಸೊನೈಡೇ. ಈ ಎರಡು ಹೆಸರುಗಳನ್ನು ಚೀಟಿಯ ಹಿಂದೆ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.